ಬಾನೆಟ್ ಫೋಟೋ ನೋಡಿ ಟ್ರ್ಯಾಕ್ಟರ್ ಗುರುತಿಸೋದು: ಮಹೀಂದ್ರ 275, 475, 575

ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಮಾರೋರು ಮೊದಲು ಕಳಿಸೋದು ಮುಂಭಾಗದ ಒಂದು ಫೋಟೋ, ಪಕ್ಕದ ಒಂದು ಫೋಟೋ, ಜೊತೆಗೆ "575, 45 ಎಚ್‌ಪಿ, ಗಾಡಿ ಸೂಪರ್" ಅನ್ನೋ ಮೆಸೇಜ್. ಅಷ್ಟರಲ್ಲಿ ಏನೇನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ ಅನ್ನೋದನ್ನ ಈ ಟಿಪ್ಪಣಿಯಲ್ಲಿ ನೋಡೋಣ. ನಮ್ಮ ಕಡೆ ಜಾಸ್ತಿ ಸಿಗೋ ಮಹೀಂದ್ರವನ್ನೇ ಉದಾಹರಣೆಗೆ ತಗೊಂಡಿದ್ದೀನಿ.

ಕಂಪನಿ ಗುರುತಿಸೋದು ಸುಲಭ. ಹಸಿರು ಬಾನೆಟ್, ಹಳದಿ ಡಿಸ್ಕ್ ಇದ್ರೆ ಜಾನ್ ಡಿಯರ್. ಕಿತ್ತಳೆ ಬಣ್ಣ ಇದ್ರೆ ಕುಬೋಟಾ. ಕೆಂಪಿನಲ್ಲಿ ಮಾತ್ರ ಸ್ವಲ್ಪ ಗೊಂದಲ, ಯಾಕಂದ್ರೆ ಮಹೀಂದ್ರನೂ ಕೆಂಪು, ಮ್ಯಾಸಿನೂ ಕೆಂಪು. ಬಣ್ಣ ಬಿಟ್ಟು ಗ್ರಿಲ್ ಮೇಲಿನ ಲಾಂಛನ ನೋಡಿ. ಒಂದರೊಳಗೊಂದು ಸೇರಿದ ಮೂರು ತ್ರಿಕೋನ ಇದ್ರೆ ಅದು ಮ್ಯಾಸಿ ಫರ್ಗ್ಯುಸನ್.

ಎಚ್‌ಪಿ ವಿಷಯಕ್ಕೆ ಬಂದ್ರೆ ಗ್ರಿಲ್ ಕೈ ಕೊಡುತ್ತೆ. ಒಂದೇ ಕಂಪನಿಯ ಬೇರೆ ಬೇರೆ ಮಾದರಿಗೆ ಹೆಚ್ಚುಕಡಿಮೆ ಒಂದೇ ಮುಖ ಇರುತ್ತೆ, ಗ್ರಿಲ್, ಹೆಡ್‌ಲೈಟ್, ಸ್ಟಿಕರ್ ಎಲ್ಲಾ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಗುತ್ತೆ. ಹಾಗಾಗಿ ಬಾನೆಟ್ ಮೇಲಿನ ನಂಬರ್ ಅನ್ನೋದು ಮಾರೋನ ಮಾತು ಅಷ್ಟೇ, ಅದನ್ನ ಪರೀಕ್ಷೆ ಮಾಡಬೇಕಾದ್ದು ನಾವು. ಆ ನಂಬರಿನಲ್ಲೇ ಎಚ್‌ಪಿ ಇದೆ ಅಂತಲೂ ಅಂದುಕೊಳ್ಳಬೇಡಿ. ಜಾನ್ ಡಿಯರ್ 5050 ಅಂದ್ರೆ 50 ಎಚ್‌ಪಿ ಸರಿ, ಆದ್ರೆ 5310 ಅಂದ್ರೆ 55. ಮಹೀಂದ್ರ 275 ಡಿಐ ಟಿಯು 39 ಎಚ್‌ಪಿ, 475 ಡಿಐ 42, 575 ಡಿಐ 45.

ಈ ಮೂರರಲ್ಲಿ 275ಕ್ಕೆ ಮೂರು ಸಿಲಿಂಡರ್, 475 ಮತ್ತು 575ಕ್ಕೆ ನಾಲ್ಕು. ಒಂದು ಸಿಲಿಂಡರ್ ಕಮ್ಮಿ ಅಂದ್ರೆ ಇಂಜಿನ್ ಗಿಡ್ಡ, ಹಾಗಾಗಿ ಬಾನೆಟ್ ಕೂಡ ಗಿಡ್ಡ. ಇದು ಪಕ್ಕದ ಫೋಟೋದಲ್ಲಿ ಕಾಣಬಹುದು, ಆದ್ರೆ ಫೋಟೋ ನೇರ ಪಕ್ಕದಿಂದ, ನಾಲ್ಕೈದು ಮಾರು ದೂರದಿಂದ ತೆಗೆದಿರಬೇಕು. ಮೊಬೈಲನ್ನ ಮುಂದಿನ ಗಾಲಿ ಹತ್ರ ಹಿಡಿದು ಓರೆಯಾಗಿ ತೆಗೆದ್ರೆ ಯಾವ ಬಾನೆಟ್ ಆದ್ರೂ ಉದ್ದ ಕಾಣುತ್ತೆ. ನೇರ ಫೋಟೋ ಸಿಕ್ಕಿದ್ರೆ ಮುಂದಿನ ಟೈರ್ ವ್ಯಾಸದ ಎಷ್ಟು ಪಟ್ಟು ಬಾನೆಟ್ ಉದ್ದ ಇದೆ ಅಂತ ಲೆಕ್ಕ ಹಾಕಿ, ಅದೇ ಮಾದರಿ ಅಂತ ಖಾತ್ರಿ ಇರೋ ಇನ್ನೊಂದು ಗಾಡಿಯ ಫೋಟೋ ಜೊತೆ ಹೋಲಿಸಿ. ಎರಡಕ್ಕೂ ಒಂದೇ ಅಳತೆಯ ಟೈರ್ ಇರಬೇಕು.

ಇದಕ್ಕಿಂತ ಗಟ್ಟಿ ಸಾಕ್ಷಿ ಬಾನೆಟ್ ಎತ್ತಿದ ಫೋಟೋ. ಡೀಸೆಲ್ ಪಂಪಿನಿಂದ ನೋಝಲ್‌ಗಳಿಗೆ ಸಣ್ಣ ಸ್ಟೀಲ್ ಪೈಪ್‌ಗಳು ಹೋಗಿರುತ್ತವೆ, ಸಿಲಿಂಡರಿಗೆ ಒಂದು. ಅವನ್ನ ಎಣಿಸಿ.

ಈಗ ಒಂದು ಕೇಸ್ ತಗೊಳ್ಳೋಣ. ಕೆಂಪು ಗಾಡಿ, ಗ್ರಿಲ್ ಮೇಲೆ ಮಹೀಂದ್ರ, ಪಕ್ಕದಲ್ಲಿ 575 ಸ್ಟಿಕರ್. ಫೋಟೋ ದೊಡ್ಡದು ಮಾಡಿ ನೋಡಿದ್ರೆ ಬಾನೆಟ್ ಬಣ್ಣ ಬಿಸಿಲಿಗೆ ಮಂಕಾಗಿದೆ, ಸ್ಟಿಕರ್ ಮಾತ್ರ ಹೊಸದಾಗಿ ಹೊಳೀತಿದೆ, ಅದರ ಅಂಚಿನಲ್ಲಿ ಹಳೇ ಅಕ್ಷರ ಇದ್ದ ಜಾಗದಷ್ಟೇ ಬಣ್ಣ ಗಾಢವಾಗಿ ಉಳಿದಿದೆ. ಹೆಡ್‌ಲೈಟ್ ಸುತ್ತ ಇರೋ ರಬ್ಬರ್ ಮೇಲೂ ಕೆಂಪು ಬಣ್ಣ ಹತ್ತಿದೆ. ಅಂದ್ರೆ ಮುಂಭಾಗಕ್ಕೆ ಯಾರೋ ಮತ್ತೆ ಸ್ಪ್ರೇ ಮಾಡಿದ್ದಾರೆ. ಇದರಿಂದಲೇ ಮೋಸ ಅಂತ ಹೇಳೋಕಾಗಲ್ಲ, ಸ್ಟಿಕರ್ ಹರಿದು ಹೋದ್ರೆ ಒಳ್ಳೆಯ ಮಾಲೀಕರೂ ಹೊಸದು ಅಂಟಿಸ್ತಾರೆ. ಬಾನೆಟ್ ಎತ್ತಿದ ಫೋಟೋ ಕೇಳಿ. ಮೂರು ಪೈಪ್ ಇದ್ರೆ ಅದು 575ರ ಇಂಜಿನ್ ಅಲ್ಲವೇ ಅಲ್ಲ, 39 ಎಚ್‌ಪಿ ಒಳಗಿನ ಗಾಡಿ ಅಂತ ಲೆಕ್ಕ ಹಾಕಿ ರೇಟು ಮಾತಾಡಿ ಅಥವಾ ಬಿಟ್ಟುಬಿಡಿ.

ನಾಲ್ಕು ಪೈಪ್ ಇದ್ರೆ? ಇಲ್ಲೇ ತುಂಬಾ ಜನ ನಿಶ್ಚಿಂತೆಯಾಗಿಬಿಡ್ತಾರೆ. 475 ಮತ್ತು 575 ಡಿಐ ಎರಡೂ ನಾಲ್ಕು ಸಿಲಿಂಡರ್, ಎರಡರ ಇಂಜಿನ್ನೂ 2730 ಸಿಸಿ. ಹೊರಗಿಂದ ಬಾನೆಟ್, ಗ್ರಿಲ್ ನೋಡಿ ಬೇರ್ಪಡಿಸೋಕೆ ಆಗಲ್ಲ, ಆರ್‌ಸಿಯಲ್ಲಿ ಬರೀ ಸಿಸಿ ನೋಡಿದ್ರೂ ಉತ್ತರ ಸಿಗಲ್ಲ. ಹಿಂದಿನ ಟೈರ್ 14.9-28 ಇದ್ರೆ 575ರ ಕಡೆಗೆ ವಾಲಬಹುದು, ಆದ್ರೆ ಟೈರ್ ಬದಲಾಯಿಸಿರ್ತಾರೆ ಅಲ್ವಾ, ಅದನ್ನ ಸುಳಿವು ಅಂತಷ್ಟೇ ಇಟ್ಕೊಳ್ಳಿ. ಆರ್‌ಸಿಯಲ್ಲಿ ಮಾದರಿ ಹೆಸರು ಇರೋ ಸಾಲು ಓದಿ, ಆಮೇಲೆ ಇಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಗಾಡಿ ಮೇಲೆ ಕೊರೆದಿರೋದರ ಜೊತೆ ಒಂದೊಂದೇ ಅಂಕಿ ಹೋಲಿಸಿ. ಚಾಸಿಸ್ ನಂಬರ್ ಸರಿ ಇದ್ದು ಇಂಜಿನ್ ನಂಬರ್ ಬೇರೆ ಇದ್ರೆ ಇಂಜಿನ್ ಬದಲಾಗಿದೆ, ಆಗ ಆರ್‌ಸಿಯಲ್ಲಿರೋ ಎಚ್‌ಪಿ ಈ ಗಾಡಿಗೆ ಅನ್ವಯಿಸಲ್ಲ.

ಸಿಲಿಂಡರ್ ಎಣಿಸೋ ಈ ವಿಧಾನ ಒಂದೇ ಕಂಪನಿಯ ಗೊತ್ತಿರೋ ಮಾದರಿಗಳ ಮಧ್ಯೆ ಮಾತ್ರ ನಡೆಯುತ್ತೆ. ಸ್ವರಾಜ್ 735, 744, 855 ಮೂರಕ್ಕೂ ಮೂರೇ ಸಿಲಿಂಡರ್. 855 ಮೂರು ಸಿಲಿಂಡರಲ್ಲೇ 42 ಎಚ್‌ಪಿಯ ನಾಲ್ಕು ಸಿಲಿಂಡರ್ 475ಕ್ಕಿಂತ ಜಾಸ್ತಿ ಎಚ್‌ಪಿ ಕೊಡುತ್ತೆ. ಅಂಥ ಕಡೆ ಪೈಪ್ ಎಣಿಸದೆ ನೇರ ಆರ್‌ಸಿ ಮತ್ತು ನಂಬರ್ ಫೋಟೋ ಕೇಳಿ.