ಆ ಅರ್ಧ ಎಲ್ಲಿಂದ ಬಂತು?

ಶಿರಸಿಯಿಂದ ದ್ವಿತೀಯ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದ್ದಾಳೆ: "ಚಾರ್ಜ್ ಮಾಡಿದ ಲೋಹದ ಮೇಲ್ಮೈಗೆ ತಾಗಿದಂತೆ ಹೊರಗೆ ವಿದ್ಯುತ್ ಕ್ಷೇತ್ರ E = σ/ε₀. ಹಾಗಾದರೆ ಒಂದು ಚದರ ಮೀಟರ್ ಮೇಲಿನ ಬಲ σE ಆಗಬೇಕು, ಅಲ್ವಾ? ಪುಸ್ತಕದಲ್ಲಿ ಅದರ ಅರ್ಧ ಮಾತ್ರ ಇದೆ. ಯಾಕೆ?"

ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕಾರವಾರದ ಕಡಲಲ್ಲಿ ದೋಣಿಯೊಳಗೆ ಕೂತು, ದೋಣಿಯನ್ನೇ ಎಷ್ಟು ತಳ್ಳಿದರೂ ಅದು ಮುಂದೆ ಹೋಗುವುದಿಲ್ಲ. ಚಾರ್ಜ್ ಕೂಡ ಹಾಗೇ, ತನ್ನನ್ನು ತಾನೇ ತಳ್ಳಿಕೊಳ್ಳಲಾರದು. ಮೇಲ್ಮೈಯ ಒಂದು ಚಿಕ್ಕ ತುಣುಕನ್ನು ನೋಡಿ. ಅದರ ಸ್ವಂತ ಕ್ಷೇತ್ರ ಹೊರಗಡೆಗೆ σ/2ε₀, ಒಳಗಡೆಗೂ ಅಷ್ಟೇ. ಆದರೆ ಲೋಹದ ಒಳಗೆ ಒಟ್ಟು ಕ್ಷೇತ್ರ ಸೊನ್ನೆ ಇರಲೇಬೇಕು. ಅಂದರೆ ಉಳಿದ ಚಾರ್ಜ್‌ಗಳೆಲ್ಲ ಸೇರಿ ಅಲ್ಲಿ ಹೊರಮುಖವಾಗಿ σ/2ε₀ ಕೊಡುತ್ತಿವೆ. ಒಳಗೆ ಎರಡೂ ವಜಾ ಆಗುತ್ತವೆ, ಹೊರಗೆ ಎರಡೂ ಕೂಡಿ σ/ε₀ ಆಗುತ್ತದೆ. ತುಣುಕನ್ನು ತಳ್ಳುವುದು ಉಳಿದವರ ಪಾಲು ಮಾತ್ರ. ಹಾಗಾಗಿ ಒತ್ತಡ σ × σ/2ε₀, ಅಂದರೆ ½ε₀E². σ ವರ್ಗವಾಗಿರುವುದರಿಂದ ಚಾರ್ಜ್ ಧನವಿರಲಿ, ಋಣವಿರಲಿ, ತಳ್ಳುವುದು ಹೊರಕ್ಕೇ.

½ε₀E² ಎಲ್ಲೋ ನೋಡಿದ ಹಾಗಿದೆಯಲ್ಲ? ಒಂದು ಘನ ಮೀಟರ್ ಕ್ಷೇತ್ರದಲ್ಲಿರುವ ಶಕ್ತಿಯೂ ಅಷ್ಟೇ. ಇದು ಸುಮ್ನೆ ಕಾಕತಾಳೀಯ ಅಲ್ಲ. ಚಾರ್ಜ್ ಬದಲಾಗದಂತೆ ಇಟ್ಟು, ಮೇಲ್ಮೈಯನ್ನು ಕೂದಲೆಳೆಯಷ್ಟು ಹೊರಗೆ ಸರಿಸಿ. ಮೊದಲು ಕ್ಷೇತ್ರವಿದ್ದ ಆ ತೆಳು ಜಾಗ ಈಗ ಲೋಹದೊಳಗೆ ಸೇರಿತು, ಅಲ್ಲಿನ ಶಕ್ತಿ ಹೋಯಿತು. ಬಲ ಮಾಡಿದ ಕೆಲಸ ಅದೇ ಶಕ್ತಿ. ಕೆಲಸವನ್ನು ಸರಿದ ದೂರದಿಂದ, ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ.

ಈ ಒತ್ತಡ ಎಷ್ಟು ದೊಡ್ಡದು? ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ದಾಟಿದರೆ ಗಾಳಿಯಲ್ಲಿ ಕಿಡಿ ಹಾರುತ್ತದೆ. ಅಲ್ಲಿ ಕೂಡ ಲೆಕ್ಕ ಬರುವುದು 40 ಪ್ಯಾಸ್ಕಲ್, ಬರೀ 4 ಮಿಲಿಮೀಟರ್ ನೀರಿನ ಭಾರ. ಲೋಹದ ಗೋಲಕ್ಕೆ ಇದು ಗೊತ್ತೇ ಆಗುವುದಿಲ್ಲ.

ಸೋಪಿನ ಗುಳ್ಳೆಗೆ ಮಾತ್ರ ಗೊತ್ತಾಗುತ್ತದೆ. ಸೋಪು ನೀರು ವಿದ್ಯುತ್ ಹರಿಸುತ್ತದೆ, ಆದ್ದರಿಂದ ಗುಳ್ಳೆಯೂ ವಾಹಕವೇ. ಲೋಹದ ಕೊಳವೆಯ ತುದಿಯಲ್ಲಿ 2 ಸೆಂಟಿಮೀಟರ್ ತ್ರಿಜ್ಯದ ಗುಳ್ಳೆ ಊದಿ, ಇನ್ನೊಂದು ತುದಿ ತೆರೆದೇ ಬಿಟ್ಟರೆ ಅದು ಕುಗ್ಗಿ ಹೋಗುತ್ತದೆ. ಪೊರೆಯ ಬಿಗಿತದ ಒತ್ತಡ 4γ/r, γ ಸುಮಾರು 0.025 ನ್ಯೂಟನ್/ಮೀಟರ್, ಅಂದರೆ 5 ಪ್ಯಾಸ್ಕಲ್. ಇದಕ್ಕೆ ½ε₀E² ಸರಿಸಮ ಆಗಲು E ಮೀಟರಿಗೆ ಸುಮಾರು 10.6 ಲಕ್ಷ ವೋಲ್ಟ್ ಬೇಕು. ಗೋಲಕ್ಕೆ V = Er, ಆದ್ದರಿಂದ ಸುಮಾರು 21 ಸಾವಿರ ವೋಲ್ಟ್ ಕೊಟ್ಟರೆ ತೆರೆದ ಕೊಳವೆಯಲ್ಲೂ ಗುಳ್ಳೆ ನಿಲ್ಲುತ್ತದೆ. ಮನೆಯಲ್ಲಿ ಮಾಡಬೇಡ ಮಾರಾಯ್ತಿ, ಕಾಗದದ ಮೇಲೆ ಸಾಕು.

ನಮ್ಮ ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಕೊಳವೆ ಹಿಡಿದ ಪ್ಲಾಸ್ಟಿಕ್ ಮೇಲೆ ತೇವ ಕೂತು ಚಾರ್ಜ್ ಸೋರುತ್ತದೆ, ವೋಲ್ಟೇಜ್ ಇಳಿಯುತ್ತದೆ. ಗುಳ್ಳೆ ನಿಲ್ಲುವ ತ್ರಿಜ್ಯ V² ಪ್ರಕಾರ ಬದಲಾಗುವುದರಿಂದ, ವೋಲ್ಟೇಜ್ ಅರ್ಧಕ್ಕೆ ಇಳಿದರೆ 2 ಸೆಂಟಿಮೀಟರ್ ಗುಳ್ಳೆ ಅರ್ಧ ಸೆಂಟಿಮೀಟರಿಗೆ ಬಂದು ನಿಲ್ಲುತ್ತದೆ.