ಜರಡಿಯಲ್ಲಿ ಬಿಟ್ಟುಹೋದ ಒಂದು ಸಾಲು

ಬೆಳಗಾವಿಯ ಟಿಳಕವಾಡಿಯಲ್ಲಿ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಕಳೆದ ವಾರ ಗೋಕಾಕ ಕಡೆಯ ಹುಡುಗನೊಬ್ಬ ಎರಟೋಸ್ಥನೀಸನ ಜರಡಿ ಬರೆದು ತಂದ: n ತನಕದ ಸಂಖ್ಯೆಗಳಲ್ಲಿ ಗುಣಕಗಳನ್ನು ಹೊಡೆದು ಹಾಕುತ್ತ ಹೋದರೆ ಕೊನೆಗೆ ಅವಿಭಾಜ್ಯಗಳಷ್ಟೇ ಉಳಿಯುತ್ತವೆ. 10 ಲಕ್ಷದವರೆಗೆ 78,498 ಅವಿಭಾಜ್ಯ ಸಂಖ್ಯೆಗಳು. ಉತ್ತರ ಸರಿ. ಆದರೂ ಅವನಿಗೆ ಅನುಮಾನ: "ಸರ್, ಲೂಪ್ ಒಳಗ ಲೂಪ್ ಐತಿ. ಹಂಗಾದ್ರ ಇದು n ಸ್ಕ್ವೇರ್ ಅಲ್ರೀ?"

"ಹೊಡೆದು ಹಾಕೋ ಸಾಲಿನ ಹತ್ರ ಒಂದು ಕೌಂಟರ್ ಇಡಪಾ, ನೋಡೋಣು" ಅಂದೆ. ಸುಮಾರು 60 ಲಕ್ಷ ಬಂತು. n ಸ್ಕ್ವೇರ್ ಆಗಿದ್ದರೆ ಲಕ್ಷ ಕೋಟಿ ಆಗಬೇಕಿತ್ತು, ಅಲ್ವಾ? ಆದರೆ 60 ಲಕ್ಷವೂ ಜಾಸ್ತಿಯೇ. ಕೋಡ್ ಹೀಗಿರಬೇಕು:

```c
for (int i = 2; i * i <= n; i++)
    if (!cut[i])
        for (int j = i * i; j <= n; j += i)
            cut[j] = 1;
```

ಅವನು `if` ಸಾಲು ಬಿಟ್ಟಿದ್ದ. 4, 6, 8ರ ಗುಣಕಗಳನ್ನೂ ಮತ್ತೆ ಹೊಡೆಯುತ್ತಿದ್ದ. ಅವೆಲ್ಲ 2 ಬಂದಾಗಲೇ ಹೋಗಿವೆ. ಉತ್ತರ ಬದಲಾಗುವುದಿಲ್ಲ, ಹಾಗಾಗಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಸಾಲು ಸೇರಿಸಿದ ಮೇಲೆ ಕೌಂಟರ್ 21 ಲಕ್ಷ ಚಿಲ್ಲರೆಗೆ ಇಳಿಯಿತು. ಅಂದರೆ ಒಂದು ಸಂಖ್ಯೆಗೆ ಸರಾಸರಿ ಎರಡು ಏಟು ಚಿಲ್ಲರೆ.

ಯಾಕೆ ಇಷ್ಟು ಕಡಿಮೆ? p ಎಂಬ ಸಂಖ್ಯೆ ಹೆಚ್ಚೆಂದರೆ n/p ಏಟು ಹಾಕುತ್ತದೆ. ಹಾಗಾಗಿ ನಾವು ಕೂಡಬೇಕಾದದ್ದು 1/2 + 1/3 + 1/5 + 1/7... ಬರೀ ಅವಿಭಾಜ್ಯಗಳದ್ದು. ಈಗ ಸಂಖ್ಯೆಗಳನ್ನು ದುಪ್ಪಟ್ಟಾಗುವ ಗುಂಪು ಮಾಡಿ: 2ರಿಂದ 3, 4ರಿಂದ 7, 8ರಿಂದ 15, ಹೀಗೆ. ಎಲ್ಲ ಸಂಖ್ಯೆಗಳನ್ನೂ ಹಿಡಿದರೆ ಪ್ರತಿ ಗುಂಪೂ ಸುಮಾರು 0.7 ಕೊಡುತ್ತದೆ, ಎಷ್ಟು ದೂರ ಹೋದರೂ ಅಷ್ಟೇ. ಹುಡುಗನ ಮೊದಲಿನ ಕೋಡ್ ಮಾಡುತ್ತಿದ್ದದ್ದು ಇದನ್ನೇ. ಬರೀ ಅವಿಭಾಜ್ಯ ಹಿಡಿದರೆ? ಮುಂದೆ ಹೋದಂತೆ ಅವು ವಿರಳ. k-ನೇ ಗುಂಪಿನಿಂದ ಸಿಗುವುದು ಹತ್ತಿರ ಹತ್ತಿರ 1/k ಮಾತ್ರ. 512ರಿಂದ 1023ರ ತನಕದ್ದು ಒಂಬತ್ತನೇ ಗುಂಪು. ಅಲ್ಲಿ 75 ಅವಿಭಾಜ್ಯಗಳಿವೆ, ಎಲ್ಲ ಸೇರಿ ಸುಮಾರು 0.1 ಕೊಡುತ್ತವೆ.

ಗುಂಪುಗಳೇ log n ನಷ್ಟು. ಅವುಗಳ 1/k ಕೂಡಿದರೆ ಇನ್ನೊಂದು ಸಲ log ಬೀಳುತ್ತದೆ. ಅದಕ್ಕೇ ಒಟ್ಟು ಕೆಲಸ n log log n. ಈ ಮೊತ್ತ ಹೀಗೆ ಬೆಳೆಯುತ್ತದೆ ಎಂದು 1874ರಲ್ಲಿ ಗಣಿತಜ್ಞ ಮೆರ್ಟೆನ್ಸ್ ಸಾಧಿಸಿದ.

ಮಿತಿಯನ್ನು 10 ಲಕ್ಷದಿಂದ ಲಕ್ಷ ಕೋಟಿಗೆ ಏರಿಸಿದರೂ ಪ್ರತಿ ಸಂಖ್ಯೆಗೆ ಏಟು 2.1ರಿಂದ 2.9ರ ಹತ್ತಿರಕ್ಕೆ ಹೋಗುತ್ತದೆ, ಅಷ್ಟೇ. ಅಲ್ಲಿ ಕೈಕೊಡುವುದು ಮೆಮೊರಿ. ಒಂದು ಸಂಖ್ಯೆಗೆ ಒಂದು ಬೈಟ್ ಎಂದರೂ 1000 ಜಿಬಿ ಬೇಕು. ಆಗ ವರ್ಗಮೂಲದವರೆಗಿನ, ಅಂದರೆ 10 ಲಕ್ಷದವರೆಗಿನ ಅವಿಭಾಜ್ಯಗಳನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ತುಂಡು ತುಂಡಾಗಿ ಜರಡಿ ಹಿಡಿಯುತ್ತೇವೆ. `int` ಕೂಡ ಸಾಲದು: 46,341ರ ವರ್ಗ ಅದರಲ್ಲಿ ಹಿಡಿಸುವುದಿಲ್ಲ. ಹುಡುಗ ಈಗ ಅದನ್ನು `long long` ಮಾಡುತ್ತ ಕೂತಿದ್ದಾನೆ.