ಐಪಿಒ: ಬೆಲೆ ಹೇಗೆ ಗೊತ್ತಾಗುತ್ತದೆ, ಷೇರು ಯಾರಿಗೆ ಸಿಗುತ್ತದೆ?

ಕಂಪನಿಯೊಂದು ಮೊದಲ ಬಾರಿಗೆ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿ, ಷೇರುಪೇಟೆಯ ಪಟ್ಟಿಗೆ ಸೇರುವುದೇ ಐಪಿಒ. ಅರ್ಜಿ ಹಾಕುವವರಲ್ಲಿ ಬಹಳ ಮಂದಿಗೆ ಒಂದು ತಪ್ಪು ಕಲ್ಪನೆಯಿದೆ: ಹೆಚ್ಚು ದುಡ್ಡು ಹಾಕಿದರೆ ಷೇರು ಸಿಗುವ ಸಾಧ್ಯತೆಯೂ ಹೆಚ್ಚು ಎಂದು. ಬೇಡಿಕೆ ಜೋರಾಗಿರುವ ಐಪಿಒಗಳಲ್ಲಿ ಇದು ನಿಜವಲ್ಲ. ಯಾಕೆಂದು ತಿಳಿಯಲು ಒಂದು ಕಾಲ್ಪನಿಕ ಕಂಪನಿಯ ಲೆಕ್ಕ ನೋಡೋಣ.

ಈ ಕಂಪನಿ 1 ಕೋಟಿ ಷೇರು ಮಾರಲು ಹೊರಟಿದೆ. ತನ್ನ ಗಳಿಕೆಯನ್ನು ಅದೇ ವ್ಯವಹಾರದ ಬೇರೆ ಕಂಪನಿಗಳ ಗಳಿಕೆ, ಷೇರು ಬೆಲೆಗಳ ಜೊತೆ ತೂಗಿ ನೋಡಿ, ಐಪಿಒ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರುಗಳ ಸಲಹೆಯಂತೆ 285ರಿಂದ 300 ರೂಪಾಯಿಯ ಬೆಲೆ ವ್ಯಾಪ್ತಿಯನ್ನು ಪ್ರಕಟಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಮೇಲಿನ ಬೆಲೆ ಕೆಳಗಿನದಕ್ಕಿಂತ ಕನಿಷ್ಠ ಶೇ 5ರಷ್ಟು ಹೆಚ್ಚಿರಬೇಕು, ಶೇ 20 ದಾಟಬಾರದು. ಕನಿಷ್ಠ ಮೂರು ಕೆಲಸದ ದಿನ ಅರ್ಜಿ ಸ್ವೀಕರಿಸುತ್ತಾರೆ. ಯಾವ ಬೆಲೆಗೆ ಎಷ್ಟು ಷೇರು ಕೇಳಿದ್ದಾರೆಂಬುದು ಅಷ್ಟರಲ್ಲಿ ದಾಖಲಾಗುತ್ತಾ ಹೋಗುತ್ತದೆ. ಆ ದಾಖಲೆ ನೋಡಿ ಕೊನೆಗೆ ನಿಗದಿ ಮಾಡುವ ಒಂದೇ ಬೆಲೆಯೇ ಕಟ್-ಆಫ್. ಬೇಡಿಕೆ ಚೆನ್ನಾಗಿದ್ದರೆ ಅದು ಸಾಮಾನ್ಯವಾಗಿ ಮೇಲಿನ ತುದಿಗೇ, ಇಲ್ಲಿ 300ಕ್ಕೇ, ನಿಲ್ಲುತ್ತದೆ.

290 ರೂಪಾಯಿಗೆ ಕೊಡಿ ಎಂದು ಬಿಡ್ ಹಾಕಿದವರ ಅರ್ಜಿ ಆಗ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದಲೇ ಸಣ್ಣ ಹೂಡಿಕೆದಾರರಿಗೆ 'ಕಟ್-ಆಫ್ ಬೆಲೆಗೆ ಒಪ್ಪಿಗೆ' ಎಂಬ ಆಯ್ಕೆ ಕೊಟ್ಟಿದ್ದಾರೆ. ಅದನ್ನು ಗುರುತು ಮಾಡಿದರೆ ಮೇಲಿನ ಬೆಲೆಯ ಲೆಕ್ಕದಲ್ಲಿ ಹಣ ತಡೆಹಿಡಿಯುತ್ತಾರೆ. ಬೆಲೆ ಕಡಿಮೆಗೆ ನಿಂತರೆ ಮಿಕ್ಕಿದ್ದನ್ನು ಬಿಡುಗಡೆ ಮಾಡುತ್ತಾರೆ. ಷೇರು ಬೇಕೇ ಬೇಕು ಎನ್ನುವವರು ಬೇರೆ ಬೆಲೆ ಬರೆಯಲು ಹೋಗಬಾರದು.

ಈಗ ಹಂಚಿಕೆ. 2 ಲಕ್ಷ ರೂಪಾಯಿವರೆಗೆ ಅರ್ಜಿ ಹಾಕುವವರು ರಿಟೇಲ್ ವರ್ಗ. ಸಾಮಾನ್ಯ ಮಾರ್ಗದಲ್ಲಿ ಬರುವ ಐಪಿಒದಲ್ಲಿ ಈ ವರ್ಗಕ್ಕೆ ಕನಿಷ್ಠ ಶೇ 35 ಮೀಸಲು; ನಿಗದಿತ ಲಾಭದ ದಾಖಲೆ ಇಲ್ಲದ ಕಂಪನಿಗಳ ಐಪಿಒದಲ್ಲಿ ಮಾತ್ರ ಅದು ಶೇ 10ಕ್ಕೆ ಇಳಿಯುತ್ತದೆ. ನಮ್ಮ ಕಂಪನಿಯಲ್ಲಿ ರಿಟೇಲ್ ಪಾಲು 35 ಲಕ್ಷ ಷೇರು. ಷೇರುಗಳನ್ನು ಬಿಡಿಬಿಡಿಯಾಗಿ ಅಲ್ಲ, ಲಾಟ್ ಎಂಬ ಕಂತೆಗಳಲ್ಲೇ ಕೇಳಬೇಕು. ಒಂದು ಲಾಟ್‌ಗೆ 50 ಷೇರು, ಅಂದರೆ 15,000 ರೂಪಾಯಿ. ಹಾಗಾಗಿ ಹಂಚಲು ಇರುವುದು 70,000 ಲಾಟ್.

7 ಲಕ್ಷ ಜನ ಅರ್ಜಿ ಹಾಕಿ, ಒಟ್ಟು 14 ಲಕ್ಷ ಲಾಟ್ ಕೇಳಿದರು ಎಂದುಕೊಳ್ಳಿ. 'ರಿಟೇಲ್ ವಿಭಾಗಕ್ಕೆ 20 ಪಟ್ಟು ಬೇಡಿಕೆ' ಎಂದು ಸುದ್ದಿಯಾಗುತ್ತದೆ. ಆದರೆ ನಿಮ್ಮ ಪಾಲಿಗೆ ಲೆಕ್ಕಕ್ಕೆ ಬರುವುದು 20 ಅಲ್ಲ, 10. ಯಾಕೆಂದರೆ ನಿಯಮದ ಪ್ರಕಾರ ಮೊದಲು ಸಾಧ್ಯವಾದಷ್ಟು ಮಂದಿಗೆ ತಲಾ ಒಂದು ಲಾಟ್ ಮುಟ್ಟಬೇಕು. ಲಾಟ್‌ಗಳಿಗಿಂತ ಅರ್ಜಿದಾರರೇ ಹೆಚ್ಚಿದ್ದರೆ ಕಂಪ್ಯೂಟರಿನಲ್ಲಿ ಚೀಟಿ ಎತ್ತುತ್ತಾರೆ. ಹತ್ತು ಜನರಲ್ಲಿ ಒಬ್ಬರಿಗೆ ಒಂದು ಲಾಟ್. 13 ಲಾಟ್ ಕೇಳಿ 1,95,000 ರೂಪಾಯಿ ಕಟ್ಟಿಹಾಕಿಕೊಂಡವರಿಗೂ, ಒಂದೇ ಲಾಟ್ ಕೇಳಿದವರಿಗೂ ಅದೃಷ್ಟ ಒಂದೇ; ಗೆದ್ದರೆ ಸಿಗುವುದೂ ಒಂದೇ ಲಾಟ್. ಇದು ನ್ಯಾಯವಾದ ಪದ್ಧತಿ ಎಂದೇ ನನ್ನ ಅಭಿಪ್ರಾಯ.

ಬೇಡಿಕೆ ಸಾಧಾರಣವಾಗಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ. ಬರೀ 60,000 ಜನ ಅರ್ಜಿ ಹಾಕಿದ್ದರೆ ಎಲ್ಲರಿಗೂ ಒಂದೊಂದು ಲಾಟ್ ಖಚಿತ. ಉಳಿದ 10,000 ಲಾಟ್‌ನಷ್ಟು ಷೇರುಗಳನ್ನು, ಹೆಚ್ಚು ಕೇಳಿದವರಿಗೆ ಅವರ ಬೇಡಿಕೆಯ ಪ್ರಮಾಣದಲ್ಲಿ ಹಂಚುತ್ತಾರೆ. ಇಂಥ ಕಡೆ ಮಾತ್ರ ಹೆಚ್ಚು ಲಾಟ್ ಕೇಳಿದ್ದಕ್ಕೆ ಫಲ. ಅದಕ್ಕೇ ಕೊನೆಯ ದಿನ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಎಷ್ಟು ಪಟ್ಟು ಬೇಡಿಕೆ ಎಂಬುದರ ಜೊತೆಗೆ ಅರ್ಜಿಗಳ ಸಂಖ್ಯೆಯನ್ನೂ ನೋಡಬೇಕು.

ಚೀಟಿ ಎತ್ತುವ ಮೊದಲೇ ಬಿದ್ದುಹೋಗುವ ಅರ್ಜಿಗಳೂ ಇರುತ್ತವೆ. ಒಂದೇ ಪ್ಯಾನ್‌ನಲ್ಲಿ ಷೇರು ಇಡುವ ಎರಡು ಡಿಮ್ಯಾಟ್ ಖಾತೆಯಿಂದ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಮನೆಯವರು ಬೇರೆ ಬೇರೆಯಾಗಿ ಹಾಕಬಹುದು, ಆದರೆ ಪ್ಯಾನ್, ಡಿಮ್ಯಾಟ್, ಬ್ಯಾಂಕ್ ಖಾತೆ ಮೂರೂ ಅವರವರದೇ ಆಗಿರಬೇಕು. ಹೆಂಡತಿಯ ಹೆಸರಿನ ಅರ್ಜಿಗೆ ಗಂಡನ ಯುಪಿಐ ಕೊಟ್ಟರೆ ನಡೆಯುವುದಿಲ್ಲ. ಅರ್ಜಿ ಹಾಕಿ, ಹಣ ತಡೆಹಿಡಿಯಲು ಅನುಮತಿ ಕೇಳಿ ಫೋನಿಗೆ ಬರುವ ಯುಪಿಐ ಮ್ಯಾಂಡೇಟ್‌ಗೆ ಒಪ್ಪಿಗೆ ಕೊಡದೆ ಮರೆಯುವವರು ಬಹಳ. ಕೊನೆಯ ದಿನ ಸಂಜೆ 5 ಗಂಟೆಯೊಳಗೆ ಒಪ್ಪಿಗೆ ಕೊಡದಿದ್ದರೆ ಅರ್ಜಿ ಹಾಕಿಯೂ ಹಾಕದಂತೆ.

ಅರ್ಜಿ ಹಾಕಿದಾಗ ಹಣ ಖಾತೆಯಲ್ಲೇ ಇರುತ್ತದೆ. ಬಳಸಲು ಬಾರದಂತೆ ತಡೆದಿರುತ್ತಾರೆ, ಉಳಿತಾಯ ಖಾತೆಯ ಬಡ್ಡಿಗೆ ತೊಂದರೆಯಿಲ್ಲ. ಅರ್ಜಿ ಮುಗಿದ ಮರುದಿನ ಹಂಚಿಕೆ ಅಂತಿಮವಾಗುತ್ತದೆ, ಮೂರನೇ ಕೆಲಸದ ದಿನ ಷೇರು ಪೇಟೆಗೆ ಬರುತ್ತದೆ. ಫಲಿತಾಂಶವನ್ನು, ಹಂಚಿಕೆಯ ಲೆಕ್ಕ ನೋಡಿಕೊಳ್ಳುವ ರಿಜಿಸ್ಟ್ರಾರ್ ಸಂಸ್ಥೆಯ ಜಾಲತಾಣದಲ್ಲಿ ಪ್ಯಾನ್ ಹಾಕಿ ನೋಡಬಹುದು. ಷೇರು ಸಿಗದಿದ್ದರೂ ಹಣದ ತಡೆ ತೆರವಾಗದೆ ಉಳಿದರೆ ಮೊದಲು ವಿಚಾರಿಸಬೇಕಾದ್ದು ನಿಮ್ಮ ಬ್ಯಾಂಕಿನಲ್ಲಿ, ಯಾಕೆಂದರೆ ಹಣವನ್ನು ತಡೆದಿಟ್ಟಿರುವುದು ಬ್ಯಾಂಕೇ, ಕಂಪನಿಯಲ್ಲ.